ಪೋಸ್ಟಿಂಗ್ ಇರುವ ವಾರದಲ್ಲಿ ಪರೀಕ್ಷೆಯ ಓದು

(ಶಿವಮೊಗ್ಗದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಮೂರನೆಯ ಸೆಮಿಸ್ಟರಿನವರು ಎಂದು ತಿಳಿಯಿತು. ಆದ್ದರಿಂದ ನಾನು ಇವತ್ತು ಆ ಒಂದು ಸೆಮಿಸ್ಟರನ್ನೇ ಹಿಡಿದು ಮಾತನಾಡುತ್ತೇನೆ. ಮೊದಲ ಬಾರಿಗೆ ದೊಡ್ಡ ಪ್ರಮಾಣದ ವಾರ್ಡ್ ಕೆಲಸ ಮತ್ತು ದೊಡ್ಡ ಪ್ರಮಾಣದ ಥಿಯರಿ ಒಟ್ಟಿಗೆ ಬಂದು ಬೀಳುವುದು ಇಲ್ಲಿಯೇ. ಉಳಿದ ಸೆಮಿಸ್ಟರಿನವರೂ ಜಿಎನ್‌ಎಂ ಓದುತ್ತಿರುವವರೂ ಇದೇ ಲೆಕ್ಕವನ್ನು ತಮ್ಮ ಗಂಟೆಗಳಿಗೆ ಹಾಕಿಕೊಳ್ಳಬಹುದು.

ವೇಳಾಪಟ್ಟಿ ಬರೆಯುವ ಮೊದಲು ಕೈಯಲ್ಲಿ ಎಷ್ಟು ಸಮಯ ಇದೆ ಎಂದು ಎಣಿಸಬೇಕು. 2021-22ರ ಸಾಲಿನಿಂದ ಬಂದ ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ಒಂದು ಸೆಮಿಸ್ಟರ್ ಎಂದರೆ 20 ವಾರ, ವಾರಕ್ಕೆ 40 ಗಂಟೆ. ಮೂರನೆಯ ಸೆಮಿಸ್ಟರಿನಲ್ಲಿ ಅಡಲ್ಟ್ ಹೆಲ್ತ್ ನರ್ಸಿಂಗ್ ಒಂದಕ್ಕೇ 480 ಗಂಟೆ ಕ್ಲಿನಿಕಲ್ ಇದೆ. 20 ವಾರಕ್ಕೆ ಹಂಚಿದರೆ ವಾರಕ್ಕೆ 24 ಗಂಟೆ ವಾರ್ಡಿನಲ್ಲಿ. ಮಿಕ್ಕ 16 ಗಂಟೆ ತರಗತಿ, ಲ್ಯಾಬ್ ಮತ್ತು ಅಂಥವು. ಪರೀಕ್ಷೆ ಹತ್ತಿರ ಬಂತೆಂದು ವಾರ್ಡಿಗೆ ಚಕ್ಕರ್ ಹಾಕಿ ಓದಿಕೊಳ್ಳುವ ದಾರಿ ಯಾರಿಗಾದರೂ ಹೊಳೆದಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ಪರೀಕ್ಷೆಗೆ ಕೂರಲು 80 ಶೇಕಡ ಹಾಜರಾತಿ ಸಾಕು ನಿಜ, ಆದರೆ ಪದವಿ ಕೈಗೆ ಬರುವ ಮೊದಲು ಕ್ಲಿನಿಕಲ್ ಗಂಟೆಗಳು 100 ಶೇಕಡ ಮುಗಿದಿರಬೇಕು. ಇವತ್ತು ತಪ್ಪಿಸಿದ ಡ್ಯೂಟಿ ಮುಂದೆ ರಜೆಯಲ್ಲಿ ನಿಮ್ಮ ಬಾಗಿಲಿಗೇ ಬರುತ್ತದೆ.

ಹಾಗಾಗಿ ವಾರ್ಡಿನ ಗಂಟೆಯನ್ನು ಕಡಿಮೆ ಮಾಡುವ ಮಾತಿಲ್ಲ. ವಾರ್ಡಿನ ಗಂಟೆಯೇ ಓದಿನ ಮೊದಲ ಸುತ್ತು ಆಗುವಂತೆ ವಾರವನ್ನು ಕಟ್ಟುವುದು ಹೇಗೆ, ಅದನ್ನು ನೋಡೋಣ.

ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಊರು ಹೊಸನಗರದ ಕಡೆ, ಶಿವಮೊಗ್ಗದಲ್ಲಿ ಹಾಸ್ಟೆಲ್ ವಾಸ. ಪಿಯುಸಿವರೆಗೆ ಕನ್ನಡದಲ್ಲಿ ಯೋಚಿಸಿ ಅಭ್ಯಾಸ. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಪುರುಷರ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್. ಶುಕ್ರವಾರ, ಶನಿವಾರ ಬೆಳಗಿನಿಂದ ಸಂಜೆ 5ರವರೆಗೆ ತರಗತಿ ಮತ್ತು ಲ್ಯಾಬ್. ಇವಳ ವಾರದಲ್ಲಿ ಓದಿಗೆ ನಿಜವಾಗಿ ಎಷ್ಟು ಸಿಗುತ್ತದೆ?

ವಾರ್ಡಿನ ದಿನ ಮಧ್ಯಾಹ್ನ 2ಕ್ಕೆ ಹೊರಟು, ಊಟ ಮಾಡಿ, ಸಮವಸ್ತ್ರ ಒಗೆದು ಹಾಕುವಷ್ಟರಲ್ಲಿ 3.30 ಆಗುತ್ತದೆ. ಮಳೆಗಾಲದಲ್ಲಿ ಈ ಒಗೆಯುವ ಕೆಲಸವನ್ನು ಮುಂದಕ್ಕೆ ಹಾಕುವ ಹಾಗಿಲ್ಲ, ನಾಳೆಗೆ ಒಣಗಬೇಕು. ಅಲ್ಲಿಂದ 5ರವರೆಗೆ ಮಲಗಲಿ, ಮಾತನಾಡಲಿ, ಮನೆಗೆ ಫೋನ್ ಮಾಡಲಿ. ಆರು ಗಂಟೆ ನಿಂತು ಬಂದ ದೇಹವನ್ನು 2.30ಕ್ಕೇ ಪುಸ್ತಕದ ಮುಂದೆ ಕೂರಿಸಿದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಮೊದಲ ಓದು ಸಂಜೆ 5ರಿಂದ 6.30. ಎರಡನೆಯದು ರಾತ್ರಿ ಊಟದ ನಂತರ 8ರಿಂದ 9. ಹೀಗೆ ನಾಲ್ಕು ದಿನಕ್ಕೆ 10 ಗಂಟೆ. ಶುಕ್ರವಾರ, ಶನಿವಾರ ರಾತ್ರಿ ಒಂದೊಂದು ಗಂಟೆ. ಭಾನುವಾರ ಬೆಳಿಗ್ಗೆ ಮೂರು ಗಂಟೆ. ಒಟ್ಟು 15 ಗಂಟೆ.

ಗೋಡೆಗೆ ಅಂಟಿಸಿದ ಎಷ್ಟೋ ವೇಳಾಪಟ್ಟಿಗಳಲ್ಲಿ ದಿನಕ್ಕೆ ಆರು ಗಂಟೆ ಓದು ಎಂದು ಬರೆದಿರುವುದನ್ನು ನಾನು ನೋಡುತ್ತೇನೆ. ಅವು ಮೊದಲ ಬುಧವಾರಕ್ಕೇ ಕುಸಿದು ಬೀಳುತ್ತವೆ. 15 ಗಂಟೆ ಕಡಿಮೆ ಎನಿಸಬಹುದು, ಆದರೆ ಈ 15 ಗಂಟೆ ನಿಜವಾದದ್ದು.

ಈಗ ಅದರೊಳಗೆ ಏನನ್ನು ಇಡಬೇಕು? ಸೋಮವಾರದಿಂದ ಬುಧವಾರದವರೆಗೆ ಸಂಜೆ 5ರ ಓದು ಪೂರ್ತಿಯಾಗಿ ಆ ದಿನ ವಾರ್ಡಿನಲ್ಲಿ ನೋಡಿದ ರೋಗಿಯದ್ದು. ಇದು ಇಡೀ ವೇಳಾಪಟ್ಟಿಯ ತಿರುಳು. ಆದ್ದರಿಂದ ಒಂದು ಸೋಮವಾರವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಬೆಳಿಗ್ಗೆ ಅವಳಿಗೆ ವಹಿಸಿದ ರೋಗಿ ಅರವತ್ತು ದಾಟಿದವರು ಎಂದುಕೊಳ್ಳೋಣ. ವರ್ಷಗಟ್ಟಲೆ ಬೀಡಿ ಸೇದಿದವರು, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಹೊಗೆ ಕುಡಿದವರು. ಕೇಸ್ ಶೀಟಿನಲ್ಲಿ ಸಿಒಪಿಡಿ ಉಲ್ಬಣಗೊಂಡಿದೆ ಎಂದು ಬರೆದಿದೆ. ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ ಕುಳಿತಿದ್ದಾರೆ. ತುಟಿಯನ್ನು ಸಣ್ಣದಾಗಿ ಮಾಡಿ ಉಸಿರು ಬಿಡುತ್ತಾರೆ. ನೆಬ್ಯುಲೈಸೇಶನ್ ನಡೆಯುತ್ತಿದೆ, ಆಮ್ಲಜನಕ ಹಚ್ಚಿದ್ದಾರೆ.

ವಾರ್ಡಿನಲ್ಲಿ ಅವಳು ಓದಬೇಕಾಗಿಲ್ಲ. ಜೇಬಿನ ಪುಟ್ಟ ಪುಸ್ತಕದಲ್ಲಿ ಮೂರು ಸಾಲು ಬರೆದುಕೊಂಡರೆ ಸಾಕು. ಕಂಡದ್ದು ಏನು, ಕೊಟ್ಟದ್ದು ಏನು, ಅರ್ಥವಾಗದ್ದು ಏನು. ರೋಗಿಯ ಹೆಸರು, ಒಳರೋಗಿ ಸಂಖ್ಯೆ, ಊರು ಯಾವುದೂ ಆ ಪುಸ್ತಕದಲ್ಲಿ ಇರಕೂಡದು. ಕೇಸ್ ಶೀಟಿನ ಫೋಟೊ ಮೊಬೈಲಿನಲ್ಲಿ ಖಂಡಿತ ಇರಕೂಡದು. ಮೂರನೆಯ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಇವತ್ತು ಅವಳು ಹೀಗೆ ಬರೆದುಕೊಂಡಿದ್ದಾಳೆ: ‘ಉಸಿರಾಟ ಇಷ್ಟು ಕಷ್ಟವಿದ್ದರೂ ಆಮ್ಲಜನಕವನ್ನು ಯಾಕೆ ಕಡಿಮೆ ಇಟ್ಟಿದ್ದಾರೆ?’

ಸಂಜೆ 5ಕ್ಕೆ ಮೊದಲ ಅರ್ಧ ಗಂಟೆ ಪುಸ್ತಕ ಮುಚ್ಚಿರುತ್ತದೆ. ಬಿಳಿ ಹಾಳೆಯ ಮೇಲೆ ಆ ರೋಗಿಯ ಕೇರ್ ಪ್ಲಾನ್ ಅನ್ನು ನೆನಪಿನಿಂದ ಬರೆಯುತ್ತಾಳೆ. ಗಮನಿಸಿದ ಲಕ್ಷಣಗಳು, ಅವುಗಳಿಂದ ಹೊರಡುವ ನರ್ಸಿಂಗ್ ಡಯಾಗ್ನೋಸಿಸ್, ಗುರಿ, ಮಾಡಬೇಕಾದ ಆರೈಕೆ, ಪ್ರತಿಯೊಂದಕ್ಕೂ ಕಾರಣ. ತಿಳಿಯದ ಕಡೆ ಖಾಲಿ ಬಿಡುತ್ತಾಳೆ. ಹೇಗೂ ಕೇರ್ ಪ್ಲಾನ್ ಬರೆದು ಒಪ್ಪಿಸಲೇಬೇಕಲ್ಲ, ಅದನ್ನೇ ಪರೀಕ್ಷೆಯ ಅಭ್ಯಾಸವಾಗಿ ತಿರುಗಿಸುವುದು ಇಲ್ಲಿನ ಉಪಾಯ. ಸೀನಿಯರ್ ಕೊಟ್ಟ ಹಳೆಯ ಫೈಲಿನಿಂದ ನೋಡಿ ಇಳಿಸಿದರೆ ರೆಕಾರ್ಡ್ ಮುಗಿಯುತ್ತದೆ, ಆದರೆ ಆ ಒಂದೂವರೆ ಗಂಟೆ ಪರೀಕ್ಷೆಗೆ ಏನನ್ನೂ ಕೊಡುವುದಿಲ್ಲ.

ಎರಡನೆಯ ಅರ್ಧ ಗಂಟೆಯಲ್ಲಿ ಪುಸ್ತಕ ತೆರೆದು ಖಾಲಿ ಬಿಟ್ಟ ಜಾಗಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬುತ್ತಾಳೆ. ಬೆಳಗಿನ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಇಂಥ ರೋಗಿಗಳಲ್ಲಿ ಕೆಲವರಿಗೆ ಆಮ್ಲಜನಕ ವಿಪರೀತ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ರೋಗಿ ಮಂಕಾಗುತ್ತಾ ಹೋಗಬಹುದು. ಅದಕ್ಕೇ ಸ್ಯಾಚುರೇಶನ್ ಅನ್ನು 88ರಿಂದ 92 ಶೇಕಡದ ನಡುವೆ ಇಡುವ ಗುರಿ. ಬೆಳಿಗ್ಗೆ ತನ್ನ ಕಣ್ಣೆದುರೇ ಆಕ್ಸಿಮೀಟರಿನಲ್ಲಿ 90 ತೋರಿಸುತ್ತಿದ್ದುದು ಗಾಬರಿಯ ಸಂಖ್ಯೆ ಆಗಿರಲಿಲ್ಲ ಎಂದು ಈಗ ತಿಳಿಯುತ್ತದೆ. ಹೀಗೆ ತಿಳಿದದ್ದು ಪರೀಕ್ಷೆಯ ದಿನ ಮರೆಯುವುದು ಕಷ್ಟ.

ಕೊನೆಯ ಅರ್ಧ ಗಂಟೆ ಒಂದು ಉತ್ತರ ಬರೆಯಲು. ಅದನ್ನು ಬರೆಯುವ ಮೊದಲು ಎರಡು ನಿಮಿಷ ಪಕ್ಕದ ಗೆಳತಿಗೆ ಕನ್ನಡದಲ್ಲಿ ಹೇಳಲಿ. ಶ್ವಾಸನಾಳ ಊದಿಕೊಂಡು, ಕಫ ತುಂಬಿ, ಗಾಳಿಗೂಡುಗಳ ಗೋಡೆ ಹಾಳಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದೆ ಸಿಕ್ಕಿಕೊಳ್ಳುತ್ತದೆ ಎಂದು ಕನ್ನಡದಲ್ಲಿ ತಡವರಿಸದೆ ಹೇಳಲು ಬಂದರೆ ವಿಷಯ ಅರ್ಥವಾಗಿದೆ ಎಂದು ಅರ್ಥ. ನಂತರ ಅದನ್ನೇ ಇಂಗ್ಲಿಷಿನಲ್ಲಿ ಐದು ಅಂಕದ ಉತ್ತರವಾಗಿ ಬರೆಯಬೇಕು, ಯಾಕೆಂದರೆ ಪತ್ರಿಕೆ ಬರೆಯುವುದು ಇಂಗ್ಲಿಷಿನಲ್ಲಿಯೇ. ಕನ್ನಡದಲ್ಲೂ ತಡವರಿಸಿದರೆ ವಿಷಯ ಓದಬೇಕು. ಕನ್ನಡದಲ್ಲಿ ಬಂದು ಇಂಗ್ಲಿಷಿನಲ್ಲಿ ನಿಂತರೆ ವಾಕ್ಯ ಬರೆಯುವ ಅಭ್ಯಾಸ ಬೇಕು. ಎರಡೂ ಬೇರೆ ಬೇರೆ ಕೊರತೆಗಳು. ನಮ್ಮ ಕಡೆಯ ಮಕ್ಕಳು ಎಷ್ಟೋ ಸಲ ಎರಡನೆಯದನ್ನು ಮೊದಲನೆಯದೆಂದು ತಿಳಿದು, ಗೊತ್ತಿರುವುದನ್ನೇ ಮತ್ತೆ ಮತ್ತೆ ಓದುತ್ತಾರೆ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ.

ಅದೇ ರೋಗಿ ಬೇರೆ ಪತ್ರಿಕೆಗಳಿಗೂ ಒದಗುತ್ತಾರೆ. ನೆಬ್ಯುಲೈಸರಿನಲ್ಲಿ ಹಾಕಿದ ಸಾಲ್ಬುಟಮಾಲ್ ಮತ್ತು ಇಪ್ರಟ್ರೋಪಿಯಂ ಫಾರ್ಮಕಾಲಜಿಗೆ ಸೇರಿದ್ದು. ಸಾಲ್ಬುಟಮಾಲ್ ಕೊಟ್ಟ ಮೇಲೆ ಕೈ ನಡುಗುವುದು, ನಾಡಿ ಏರುವುದು, ಪೊಟ್ಯಾಸಿಯಂ ಇಳಿಯಬಹುದು ಎಂಬುದು ಡ್ರಗ್ ಬುಕ್ಕಿಗೂ ಆಯಿತು, ಪರೀಕ್ಷೆಗೂ ಆಯಿತು. ಗಾಳಿಗೂಡಿನಲ್ಲಿ ಆಗುವ ಬದಲಾವಣೆ ಪೆಥಾಲಜಿಗೆ. ಕಫವನ್ನು ಯಾವ ಹೊತ್ತಿನಲ್ಲಿ, ಹೇಗೆ ಸಂಗ್ರಹಿಸಬೇಕು, ನೆಬ್ಯುಲೈಸರ್ ಮಾಸ್ಕ್ ಅನ್ನು ಹೇಗೆ ಶುಚಿ ಮಾಡಬೇಕು ಎಂಬುದು ಮೈಕ್ರೋಬಯಾಲಜಿ ಮತ್ತು ಸೋಂಕು ನಿಯಂತ್ರಣಕ್ಕೆ.

ರಾತ್ರಿ 8ರ ಓದಿನಲ್ಲಿ ಈ ಬೇರೆ ವಿಷಯಗಳು ಬರಲಿ. ಸೋಮವಾರ, ಮಂಗಳವಾರ ಮೈಕ್ರೋಬಯಾಲಜಿ, ಬುಧವಾರ ಫಾರ್ಮಕಾಲಜಿ. ಶುಕ್ರವಾರ ರಾತ್ರಿಯ ಒಂದು ಗಂಟೆ ಪೆಥಾಲಜಿಗೆ, ಶನಿವಾರದ್ದು ಸೋಂಕು ನಿಯಂತ್ರಣಕ್ಕೆ. ಗುರುವಾರ ರಾತ್ರಿ ಏನನ್ನೂ ಬರೆಯಬೇಡಿ, ಅದು ಖಾಲಿ ಇರಲಿ. ವಾರದಲ್ಲಿ ಏನೋ ಒಂದು ತಪ್ಪಿಯೇ ತಪ್ಪುತ್ತದೆ: ಹಾಸ್ಟೆಲಿನಲ್ಲಿ ಕರೆಂಟ್ ಹೋಗುತ್ತದೆ, ವಾರ್ಡಿನಲ್ಲಿ ಹ್ಯಾಂಡ್‌ಓವರ್ ತಡವಾಗುತ್ತದೆ, ಒಪ್ಪಿಸಬೇಕಾದ ರೆಕಾರ್ಡಿನ ನಕಲು ಉಳಿಯುತ್ತದೆ. ಅದೆಲ್ಲ ಗುರುವಾರ ರಾತ್ರಿಗೆ ಹೋಗಲಿ. ಏನೂ ತಪ್ಪದಿದ್ದರೆ ಬೇಗ ಮಲಗಿ.

ಫಾರ್ಮಕಾಲಜಿ ಮತ್ತು ಪೆಥಾಲಜಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಮೂರನೆಯ ಸೆಮಿಸ್ಟರಿನ ಕೊನೆಯಲ್ಲಿ ವಿಶ್ವವಿದ್ಯಾಲಯದ ಪತ್ರಿಕೆ ಇರುವುದು ಅಡಲ್ಟ್ ಹೆಲ್ತ್ ಮತ್ತು ಮೈಕ್ರೋಬಯಾಲಜಿಗೆ. ಫಾರ್ಮಕಾಲಜಿ ಒಂದು ಮತ್ತು ಪೆಥಾಲಜಿ ಒಂದರ ಆಂತರಿಕ ಅಂಕಗಳು ನಾಲ್ಕನೆಯ ಸೆಮಿಸ್ಟರಿಗೆ ಸೇರುತ್ತವೆ. ಈಗ ಪತ್ರಿಕೆ ಇಲ್ಲವಲ್ಲ ಎಂದು ಇವನ್ನು ಪಕ್ಕಕ್ಕೆ ಇಡುವವರು ಬಹಳ. ನಾಲ್ಕನೆಯ ಸೆಮಿಸ್ಟರಿನಲ್ಲಿ ಎರಡೂ ಭಾಗಗಳು ಒಟ್ಟಿಗೆ ಬಂದು ನಿಂತಾಗ ಅವರಿಗೆ ಉಸಿರು ಕಟ್ಟುತ್ತದೆ. ವಾರಕ್ಕೆ ಒಂದೊಂದು ಗಂಟೆ ಈಗಿನಿಂದಲೇ ಇರಲಿ. ಅದಕ್ಕಿಂತ ಹೆಚ್ಚು ಈಗ ಬೇಡ.

ಬೆಳಿಗ್ಗೆ ವಾರ್ಡಿಗೆ ಹೊರಡುವ ಮೊದಲು, 6ರ ಸುಮಾರಿಗೆ, 20 ನಿಮಿಷ ನಿನ್ನೆಯ ಹಾಳೆಯನ್ನು ಮುಚ್ಚಿಟ್ಟು ಅದರಲ್ಲಿ ಏನಿತ್ತೆಂದು ಬಾಯಲ್ಲಿ ಹೇಳಿಕೊಳ್ಳಬೇಕು. ಹೊಸದೇನನ್ನೂ ಓದಬಾರದು. ಸೋಮವಾರದ ವಿಷಯ ಮಂಗಳವಾರ ಬೆಳಿಗ್ಗೆ ಒಮ್ಮೆ, ಭಾನುವಾರ ಒಮ್ಮೆ, ಮೂರು ವಾರ ಬಿಟ್ಟು ಮತ್ತೊಮ್ಮೆ ಹೀಗೆ ಎದ್ದುಬರಬೇಕು. ಮೂರನೆಯದನ್ನು ಅವತ್ತೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಭದ್ರಾವತಿಯಿಂದಲೋ ಇನ್ನೆಲ್ಲಿಂದಲೋ ದಿನಾ ಬಸ್ಸಿನಲ್ಲಿ ಬರುವವರು ಈ ಹೇಳಿಕೊಳ್ಳುವ ಕೆಲಸವನ್ನು ಬಸ್ಸಿನಲ್ಲಿ ಮಾಡಿಕೊಳ್ಳಬಹುದು. ನಿಂತು ಬರುವಾಗ ಪುಸ್ತಕ ಹಿಡಿಯಲು ಆಗುವುದಿಲ್ಲ, ನೆನಪಿಸಿಕೊಳ್ಳಲು ಆಗುತ್ತದೆ.

ಇನ್ನು ಯಾವ ವಾರ ಯಾವ ಯೂನಿಟ್? ಅಡಲ್ಟ್ ಹೆಲ್ತ್ ಒಂದರಲ್ಲಿ 11 ಯೂನಿಟ್ ಇವೆ, ಒಟ್ಟು 140 ಗಂಟೆ ಪಾಠ. ಯೂನಿಟ್ಟಿಗೊಂದು ವಾರ ಎಂದು ಹಂಚಿದರೆ ತಪ್ಪಾಗುತ್ತದೆ, ಏಕೆಂದರೆ ಹೃದಯ ಮತ್ತು ರಕ್ತನಾಳಗಳ ಯೂನಿಟ್ಟಿಗೆ 20 ಗಂಟೆ ಇದೆ, ರಕ್ತದ ಕಾಯಿಲೆಗಳಿಗೆ ಬರೀ 7. ಸುಮಾರು 20 ಗಂಟೆಯ ಪಾಠಕ್ಕೆ ಒಂದು ವಾರ ಎಂದು ಹಿಡಿದರೆ ಏಳು ವಾರದಲ್ಲಿ ಮೊದಲ ಸುತ್ತು ಮುಗಿಯುತ್ತದೆ. ಹೃದಯಕ್ಕೆ ಒಂದು ಪೂರ್ತಿ ವಾರ, ಸಾಂಕ್ರಾಮಿಕ ರೋಗಗಳಿಗೆ ಒಂದು, ಶ್ವಾಸಕೋಶಕ್ಕೆ ಒಂದು. ಶಸ್ತ್ರಚಿಕಿತ್ಸಾ ಕೊಠಡಿಯ ಯೂನಿಟ್ಟಿನ ಜೊತೆ ಸಾಮಾನ್ಯ ಲಕ್ಷಣಗಳದ್ದು ಸೇರಿ ಒಂದು. ಜೀರ್ಣಾಂಗಗಳ ಜೊತೆ ಪೀಠಿಕೆಯ ಯೂನಿಟ್. ಮೂಳೆ ಮತ್ತು ಕೀಲುಗಳ ಜೊತೆ ರಕ್ತದ ಕಾಯಿಲೆಗಳು. ಕೊನೆಗೆ ಗ್ರಂಥಿಗಳು ಮತ್ತು ಚರ್ಮ ಸೇರಿ ಒಂದು ಹಗುರ ವಾರ, ಅದನ್ನು ಇಂಟರ್ನಲ್ಸ್ ಬರುವ ವಾರಕ್ಕೆ ಇಟ್ಟುಕೊಳ್ಳಿ.

ಈ ವಾರಗಳ ಕ್ರಮ ಪುಸ್ತಕದ ಕ್ರಮ ಆಗಬೇಕಿಲ್ಲ. ತರಗತಿಯಲ್ಲಿ ಮುಗಿದ ಯೂನಿಟ್‌ಗಳಲ್ಲಿ ನಿಮ್ಮ ವಾರ್ಡಿಗೆ ಹೊಂದುವುದು ಮೊದಲು ಬರಲಿ. ಮೆಡಿಕಲ್ ವಾರ್ಡಿನಲ್ಲಿರುವಾಗ ಶ್ವಾಸಕೋಶ, ಹೃದಯ, ಜೀರ್ಣಾಂಗ. ಆರ್ಥೋ ವಾರ್ಡಿಗೆ ಹೋದಾಗ ಮೂಳೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಹಾಕಿದಾಗ ಅದರ ಯೂನಿಟ್. ವಾರ್ಡಿನಲ್ಲಿ ಡಯಾಲಿಸಿಸ್ ರೋಗಿ ಕಂಡರೆಂದು ಮೂತ್ರಪಿಂಡದ ಅಧ್ಯಾಯ ಹಿಡಿದು ಕೂರಬೇಡಿ. ಅದು ನಾಲ್ಕನೆಯ ಸೆಮಿಸ್ಟರಿನ ಪತ್ರಿಕೆಗೆ ಸೇರಿದ್ದು. ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳಿ, ಮೂರು ಸಾಲು ಬರೆದಿಡಿ, ಮುಂದಿನ ಸೆಮಿಸ್ಟರಿನಲ್ಲಿ ಬಳಕೆಗೆ ಬರುತ್ತದೆ.

ಈ ವಿಧಾನಕ್ಕೆ ಒಂದು ದೊಡ್ಡ ಮಿತಿ ಇದೆ. ವಾರ್ಡಿನಲ್ಲಿ ಪಠ್ಯದ ಎಲ್ಲವೂ ಕಾಣಸಿಗುವುದಿಲ್ಲ. ಸಾಂಕ್ರಾಮಿಕ ರೋಗಗಳ ಯೂನಿಟ್ಟನ್ನೇ ನೋಡಿ. ಮಳೆಗಾಲದ ಸೆಮಿಸ್ಟರಿನಲ್ಲಿ ಡೆಂಗಿ ನೋಡಬಹುದು, ಇಲಿಜ್ವರ ನೋಡಬಹುದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ನಮ್ಮದೇ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ, ಉಣುಗು ಹೆಚ್ಚಿರುವ ಕಾಲದಲ್ಲಿ. ಜೂನ್‌ನಿಂದ ನವೆಂಬರ್‌ವರೆಗೆ ಪೋಸ್ಟಿಂಗ್ ಮಾಡಿದವಳಿಗೆ ಒಂದೂ ಕೇಸ್ ಸಿಗದಿರಬಹುದು. ಧನುರ್ವಾಯು, ಗಂಟಲಮಾರಿಗಳನ್ನಂತೂ ನೋಡದೆಯೇ ಕೋರ್ಸ್ ಮುಗಿಸುವವರಿದ್ದಾರೆ. ಆದರೆ ಪ್ರಶ್ನೆಪತ್ರಿಕೆ ವಾರ್ಡಿನ ಋತುಮಾನ ನೋಡಿ ಬರುವುದಿಲ್ಲ.

ಅದಕ್ಕೆ ಒಂದು ಹಾಳೆಯಲ್ಲಿ 11 ಯೂನಿಟ್‌ಗಳ ಕಾಯಿಲೆಗಳನ್ನು ಬರೆದು, ನೋಡಿದ್ದರ ಎದುರು ತಾರೀಖು ಹಾಕುತ್ತಾ ಹೋಗಿ. ತಾರೀಖು ಇಲ್ಲದವು ಪುಸ್ತಕದಿಂದ ಮಾತ್ರ ಬರಬೇಕಾದವು. ಅವನ್ನು ದಣಿದ ರಾತ್ರಿಗೆ ತಳ್ಳಬೇಡಿ, ಗುರುವಾರ ಸಂಜೆ 5ರ ಒಳ್ಳೆಯ ಹೊತ್ತನ್ನು ಅವಕ್ಕೇ ಕೊಡಿ. ನೋಡಿದ ರೋಗಿಯ ಮುಖ ನೆನಪಿಗೆ ಆಸರೆ ಕೊಡುತ್ತದೆ. ನೋಡದ ಕಾಯಿಲೆಗೆ ಆ ಆಸರೆ ಇಲ್ಲ, ಹಾಗಾಗಿ ಅದಕ್ಕೆ ಎಚ್ಚರದ ತಲೆ ಬೇಕು.

ಭಾನುವಾರದ ಮೂರು ಗಂಟೆ ಓದಿಗಲ್ಲ, ಬರೆಯುವುದಕ್ಕೆ. ವಿಶ್ವವಿದ್ಯಾಲಯದ ಪತ್ರಿಕೆ 75 ಅಂಕ, ಮೂರು ಗಂಟೆ. ಅಂದರೆ ಹತ್ತು ಅಂಕದ ಪ್ರಶ್ನೆಗೆ 24 ನಿಮಿಷ, ಐದು ಅಂಕಕ್ಕೆ 12, ಎರಡು ಅಂಕಕ್ಕೆ ಐದಕ್ಕಿಂತ ತುಸು ಕಡಿಮೆ. ಆ ವಾರದ ಯೂನಿಟ್ಟಿನಿಂದ ಹಳೆಯ ಪ್ರಶ್ನೆಪತ್ರಿಕೆ ನೋಡಿ ಹತ್ತು ಅಂಕದ್ದು ಒಂದು, ಐದರದ್ದು ಎರಡು, ಎರಡರದ್ದು ಐದು ಆರಿಸಿಕೊಳ್ಳಿ. 30 ಅಂಕ, 72 ನಿಮಿಷ. ಮೊಬೈಲಿನಲ್ಲಿ ಸಮಯ ಇಟ್ಟು, ಅದನ್ನು ದೂರದಲ್ಲಿಟ್ಟು, ಒಂದೇ ಪಟ್ಟಿಗೆ ಬರೆಯಿರಿ. ಆಮೇಲೆ ಪುಸ್ತಕ ತೆಗೆದು ನೀವೇ ತಿದ್ದಿ. ಉಳಿದ ಹೊತ್ತಿನಲ್ಲಿ ಮುಂದಿನ ವಾರದ ಹಾಳೆ ತಯಾರಿಸಿ.

ವೇಳಾಪಟ್ಟಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಭಾನುವಾರದ ಈ ಉತ್ತರಪತ್ರಿಕೆಯೇ ಹೇಳುತ್ತದೆ, ಎಷ್ಟು ಗಂಟೆ ಓದಿದಿರಿ ಎಂಬ ಲೆಕ್ಕ ಹೇಳುವುದಿಲ್ಲ. ಸಮಯ ಸಾಲದೆ ಬಿಟ್ಟದ್ದು ಹೆಚ್ಚಿದ್ದರೆ ಬರೆಯುವ ಅಭ್ಯಾಸ ಸಾಲದು. ಸಮಯವಿದ್ದೂ ಖಾಲಿ ಬಿಟ್ಟದ್ದು ಹೆಚ್ಚಿದ್ದರೆ ವಾರದ ನಡುವೆ ಪುಸ್ತಕ ಮುಚ್ಚಿ ಬರೆಯುವ ಅರ್ಧ ಗಂಟೆ ನಿಂತುಹೋಗಿದೆ. ಒಂದೇ ಹೊತ್ತಿನ ಓದು ಮೂರು ವಾರ ಸತತವಾಗಿ ತಪ್ಪಿದರೆ ಆ ಹೊತ್ತೇ ಸರಿಯಿಲ್ಲ. ಸಾಮಾನ್ಯವಾಗಿ ರಾತ್ರಿ 8ರದ್ದು ಹೀಗೆ ತಪ್ಪುತ್ತದೆ. ಅದನ್ನು 7ಕ್ಕೆ, ಊಟಕ್ಕೆ ಮೊದಲು ತಂದು ನೋಡಿ.

ಮಾತಿನ ನಡುವೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಮೇಡಂ, ನಮಗೆ ಮುಂದಿನ ವಾರದಿಂದ ಮಧ್ಯಾಹ್ನದ ಶಿಫ್ಟ್ ಹಾಕಿದ್ದಾರೆ. ಆಗ ಇದೆಲ್ಲ ಹಾಳಾಗುವುದಿಲ್ಲವೇ?”

ಗಡಿಯಾರದ ಗಂಟೆಗೆ ಕಟ್ಟಿದ್ದರೆ ಹಾಳಾಗುತ್ತದಮ್ಮ. ಅದಕ್ಕೇ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಬಗೆಯ ದಿನವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಮಧ್ಯಾಹ್ನ 2ರಿಂದ ರಾತ್ರಿ 8ರ ಡ್ಯೂಟಿ ಇದ್ದಾಗ ರೋಗಿಯ ಓದು ಮರುದಿನ ಬೆಳಿಗ್ಗೆ 8.30ರಿಂದ 10ಕ್ಕೆ ಹೋಗುತ್ತದೆ, ಬೇರೆ ವಿಷಯದ್ದು 10.30ರಿಂದ 11.30ಕ್ಕೆ. ಡ್ಯೂಟಿ ಮುಗಿಸಿ ಬಂದ ರಾತ್ರಿ ಓದಿಲ್ಲ, ಊಟ ಮತ್ತು ನಿದ್ದೆ ಮಾತ್ರ. ಜೇಬಿನ ಮೂರು ಸಾಲು ಇರುವುದರಿಂದ ಒಂದು ರಾತ್ರಿ ಕಳೆದರೂ ರೋಗಿ ನೆನಪಿನಲ್ಲಿ ಉಳಿದಿರುತ್ತಾರೆ, ಒಂದು ರಾತ್ರಿ ಬಿಟ್ಟು ನೆನಪಿಸಿಕೊಂಡದ್ದು ಇನ್ನೂ ಗಟ್ಟಿಯಾಗುತ್ತದೆ. ಮುಂದೆ ರಾತ್ರಿ ಪಾಳಿ ಬಂದಾಗ ಎರಡು ಓದು ಬೇಡ. ಹಗಲು ಪೂರ್ತಿ ಮಲಗಿ ಎದ್ದ ಮೇಲೆ ಸಂಜೆ 5ರಿಂದ 6.30, ಅದೊಂದೇ. ಆ ವಾರ ಯಾವ ಯೂನಿಟ್ ಬರುತ್ತದೆ ಎಂದು ಮೊದಲೇ ನೋಡಿಕೊಂಡು ಗ್ರಂಥಿ ಮತ್ತು ಚರ್ಮದ ಹಗುರ ವಾರವನ್ನು ಅಲ್ಲಿಗೆ ಸರಿಸಿ. ಪಾಳಿಯ ಪಟ್ಟಿ ಫಲಕದ ಮೇಲೆ ಬಂದ ದಿನವೇ ಈ ಅದಲುಬದಲು ಮಾಡಿಬಿಡಿ.